ಕಾಗದದ ಚೂರಿನ ಸಾಕ್ಷಿ

ಬಾಗಿಲನ್ನು ಕುರಿತು ಕನ್ನಡಿಗರಿಗೆ ಇರುವಷ್ಟು ಮಾತು ಮನೆಯ ಬೇರೆ ಯಾವ ಭಾಗವನ್ನು ಕುರಿತೂ ಇಲ್ಲವೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಬಾಗಿಲನ್ನು ನಾವು ಮುಚ್ಚುತ್ತೇವೆ, ಹಾಕುತ್ತೇವೆ, ಮುಂದಕ್ಕೆ ಮಾಡುತ್ತೇವೆ, ಓರೆ ಮಾಡುತ್ತೇವೆ, ಅಗುಳಿ ಹಾಕಿ ಭದ್ರಪಡಿಸುತ್ತೇವೆ. ಇಷ್ಟೆಲ್ಲ ಮಾತುಗಳಿದ್ದರೂ, ನೋಡುವವರ ಕಣ್ಣಿಗೆ ಮುಚ್ಚಿದಂತೆ ಕಂಡು ನಿಜವಾಗಿ ಮುಚ್ಚಿರದ ಬಾಗಿಲಿಗೆ ನಮ್ಮಲ್ಲಿ ಒಂದು ಹೆಸರಿಲ್ಲ. ಅಂಥ ಬಾಗಿಲೊಂದನ್ನು ನಾನು ಕಳೆದ ಬೇಸಗೆಯಲ್ಲಿ ಹಿರೇನಲ್ಲೂರಿನಲ್ಲಿ ಕಂಡೆ. ಅದು ನನ್ನ ಸೋದರತ್ತೆಯವರ ಅಡುಗೆಮನೆಯ ಫ್ರಿಜ್ಜಿನ ಬಾಗಿಲು.

ಹಿರೇನಲ್ಲೂರು ಕಡೂರು ತಾಲ್ಲೂಕಿನ ಬಯಲು ನಾಡಿನಲ್ಲಿರುವ ಊರು. ಜಿಲ್ಲೆ ಚಿಕ್ಕಮಗಳೂರೆಂದ ಮಾತ್ರಕ್ಕೆ ಕಾಫಿ ತೋಟ, ಮಂಜು, ಜಡಿಮಳೆ ಎಂದು ಯಾರಾದರೂ ಕಲ್ಪಿಸಿಕೊಂಡರೆ ಅವರಿಗೆ ನಿರಾಶೆಯಾದೀತು. ಇಲ್ಲಿ ತೆಂಗು, ರಾಗಿ, ಒಣಗಾಳಿ ಮತ್ತು ಚೈತ್ರ ವೈಶಾಖದ ಬಿಸಿಲು. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಸಿಹಿಮೂತ್ರದ ಕಾಯಿಲೆಗೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಔಷಧಿಗೆಂದು ಮತ್ತೆ ಮತ್ತೆ ಕಡೂರಿಗೆ ಹೋಗಲಾರದೆ ಮೂರು ತಿಂಗಳ ದಾಸ್ತಾನನ್ನು ಒಟ್ಟಿಗೆ ತರಿಸಿ ಫ್ರಿಜ್ಜಿನಲ್ಲಿಡುವುದು ಅವರ ಪದ್ಧತಿ. ಅವರ ಪಾಲಿಗೆ ಆ ಪೆಟ್ಟಿಗೆ ತಂಗಳನ್ನ ಕಾಯುವ ಪೆಟ್ಟಿಗೆಯಲ್ಲ.

ನಾನು ಹೋದ ದಿನ ಅತ್ತೆಯವರು ಮಜ್ಜಿಗೆ ಕೊಡುತ್ತ, “ಈ ಫ್ರಿಜ್ಜು ಯಾಕೋ ಸೊರಗಿದೆ ಕಣಪ್ಪ. ಹಗಲೂ ರಾತ್ರಿ ಗುಂಯ್ ಅಂತಾನೇ ಇರತ್ತೆ, ತಣ್ಣಗೆ ಮಾತ್ರ ಆಗೋದಿಲ್ಲ. ಪಕ್ಕದ ಮನೆಯವರು ಹೇಳಿದ್ರು ಅಂತ ಗುಂಡಿ ಪೂರ್ತಿ ತಿರುಗಿಸಿಟ್ಟಿದೀನಿ” ಎಂದರು. ಬಾಗಿಲು ತೆರೆದು ನೋಡಿದೆ. ಇನ್ಸುಲಿನ್ನಿನ ಪೊಟ್ಟಣಗಳು ಮಂಜುಗಡ್ಡೆಯ ಗೂಡಿನ ಕೆಳಗೇ, ಮೇಲಿನ ತಟ್ಟೆಯ ಮೇಲೆ ಇದ್ದುವು. ನನಗೆ ಗಾಬರಿಯಾದದ್ದು ಅದನ್ನು ಕಂಡು. ಒಡೆಯದ ಇನ್ಸುಲಿನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಎಂಟನ್ನು ದಾಟಿದರೆ ಅದು ಕೂಡಲೇ ಹಾಳಾಗದು. ಅನೇಕ ಬಗೆಯವು ಹೊರಗಿನ ಸಾಧಾರಣ ಉಷ್ಣತೆಯಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತವೆ. ಆದರೆ ಒಮ್ಮೆ ಹೆಪ್ಪುಗಟ್ಟಿತೋ, ಕರಗಿದ ಮೇಲೆ ನೋಟಕ್ಕೆ ಹೇಗೇ ಇರಲಿ, ಎಸೆಯಬೇಕಾದದ್ದೇ. ಬಾಗಿಲಿನಿಂದ ಬಿಸಿಗಾಳಿ ನುಗ್ಗುತ್ತಿರುವ ಪೆಟ್ಟಿಗೆಯ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಆಗುವುದು ಇದೇ: ಬಾಗಿಲ ಬಳಿಯ ಹಾಲು ಒಡೆಯುತ್ತದೆ, ಗೂಡಿನ ಬಳಿಯ ವಸ್ತು ಹೆಪ್ಪುಗಟ್ಟುತ್ತದೆ. ಒಂದೇ ಪೆಟ್ಟಿಗೆಯೊಳಗೆ ಗ್ರೀಷ್ಮವೂ ಶಿಶಿರವೂ ನೆರೆಹೊರೆಯಾಗಿ ಸಂಸಾರ ಹೂಡುತ್ತವೆ.

ಪುಣ್ಯಕ್ಕೆ ಔಷಧಿ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಪೊಟ್ಟಣಗಳನ್ನು ನಡುವಣ ತಟ್ಟೆಗೆ ಇಳಿಸಿ, ಗುಂಡಿಯನ್ನು ನಡುಮಟ್ಟಕ್ಕೆ ತಂದೆ. ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನು ಮುಳುಗಿಸಿ ಅವುಗಳ ಪಕ್ಕದಲ್ಲಿಟ್ಟೆ. ಬರಿಯ ಗಾಳಿಯಲ್ಲಿಟ್ಟರೆ ಬಾಗಿಲು ತೆರೆದೊಡನೆ ಅಂಕಿ ಏರುತ್ತದೆ. ನೀರಿನಲ್ಲಿದ್ದರೆ ಒಳಗಿನ ವಸ್ತುಗಳ ನಿಜಸ್ಥಿತಿಯನ್ನು ಹೇಳುತ್ತದೆ. ಬೆಳಗ್ಗೆ ಎದ್ದು ನೋಡಿದಾಗ 11 ಡಿಗ್ರಿ. ಕಡೂರಿನ ಡಾಕ್ಟರಿಗೆ ಫೋನು ಮಾಡಿ ಕೇಳಿ, ಔಷಧಿಯನ್ನೆಲ್ಲ ಫ್ರಿಜ್ಜು ಸರಿಹೋಗುವವರೆಗೆ ಪರಿಚಿತರೊಬ್ಬರ ಮನೆಯಲ್ಲಿ ಇರಿಸಿದ್ದಾಯಿತು. ಅತ್ತೆಯವರ ಮಗ ಬೆಂಗಳೂರಿನಿಂದ, “ಹನ್ನೆರಡು ವರ್ಷದ್ದು, ಹೊಸದೇ ತಗೊಂಡುಬಿಡೋಣ” ಎಂದ. ಅತ್ತೆಯವರಿಗೆ ಅದು ಸರಿಬರಲಿಲ್ಲ. ಪೆಟ್ಟಿಗೆಗೆ ಮರಣಶಾಸನ ಬರೆಯುವ ಮುನ್ನ ಅದರ ಕಾಯಿಲೆ ಯಾವುದೆಂದು ತಿಳಿಯುವುದು ನ್ಯಾಯವೆಂದು ನನಗೂ ತೋರಿತು.

ಕಾಯಿಲೆಯ ಗುರುತು ಬಾಗಿಲಿನಲ್ಲಿಯೇ ಇತ್ತು. ಸರಿಯಾಗಿರುವ ಫ್ರಿಜ್ಜಿನ ಬಾಗಿಲನ್ನು ತೆರೆದು ಮುಚ್ಚಿ, ಅರೆನಿಮಿಷದೊಳಗೆ ಮತ್ತೆ ತೆರೆಯಹೋದರೆ ಅದು ಮುನಿಸಿಕೊಂಡಂತೆ ಬಿಗಿಹಿಡಿಯುತ್ತದೆ. ಒಳಗೆ ಹೊಕ್ಕ ಬಿಸಿಗಾಳಿ ತಣಿದು ಕುಗ್ಗಿ, ಹೊರಗಿನ ಗಾಳಿ ಬಾಗಿಲನ್ನು ಒತ್ತುವುದೇ ಇದಕ್ಕೆ ಕಾರಣ. ಅತ್ತೆಯವರ ಫ್ರಿಜ್ಜಿಗೆ ಅಂಥ ಮುನಿಸೇ ಇರಲಿಲ್ಲ. ಎಷ್ಟು ಸಲ ತೆರೆದರೂ ಹಗುರವಾಗಿ ತೆರೆದುಕೊಳ್ಳುತ್ತಿತ್ತು. ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಎಂದಾಯಿತು. ಎಲ್ಲಿಂದ ಎಂಬುದನ್ನು ಹೇಳಬಲ್ಲದ್ದು ಕಾಗದದ ಚೂರು.

ಪರೀಕ್ಷೆಗೆ ಮೊದಲು ಬಾಗಿಲ ಅಂಚಿನ ಆ ಬಿಳಿಯ ಪಟ್ಟಿಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಅಂಗಡಿಯವರು ಅದನ್ನು ಗ್ಯಾಸ್ಕೆಟ್ ಎನ್ನುತ್ತಾರೆ; ಮನೆಗಳಲ್ಲಿ ‘ಬಾಗಿಲ ರಬ್ಬರು’ ಎಂದು ರೂಢಿ. ರಬ್ಬರೆಂಬುದು ಬಾಯಿಮಾತು, ಈಗ ಅದು ಬಹುಮಟ್ಟಿಗೆ ಮೆದುಗೊಳಿಸಿದ ಪಿವಿಸಿ ಪ್ಲಾಸ್ಟಿಕ್ಕು. ಅದರ ಹೊಟ್ಟೆಯಲ್ಲಿ ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳಿವೆ. ಮಡಿಕೆಯ ಮುಂದುಗಡೆ, ಹೊರಗೆ ಕಾಣದಂತೆ, ಒಂದು ಅಯಸ್ಕಾಂತದ ಪಟ್ಟಿ ಹುದುಗಿದೆ. ಬಾಗಿಲು ಹತ್ತಿರ ಬಂದಾಗ ಅಯಸ್ಕಾಂತ ಪೆಟ್ಟಿಗೆಯ ಉಕ್ಕಿನ ಅಂಚಿಗೆ ಹಾರಿ ಅಂಟಿಕೊಳ್ಳುತ್ತದೆ. ಮಡಿಕೆ ಹಿಗ್ಗಿ, ಅಂಚಿನ ಸಣ್ಣಪುಟ್ಟ ಏರುತಗ್ಗನ್ನು ತುಂಬಿಕೊಳ್ಳುತ್ತದೆ. ಎಂದರೆ ಪಟ್ಟಿಗೆ ಎರಡು ಗುಣ ಬೇಕು: ಹಿಡಿಯುವ ಶಕ್ತಿ ಮತ್ತು ಬಾಗುವ ಸೌಜನ್ಯ. ವಯಸ್ಸಾದಂತೆ ಮೊದಲು ಹೋಗುವುದು ಎರಡನೆಯದು. ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷವರ್ಷವೂ ಕೊಂಚಕೊಂಚವಾಗಿ ಹೊರಟುಹೋಗಿ ಪಟ್ಟಿ ಸೆಟೆದುಕೊಳ್ಳುತ್ತದೆ. ಮನುಷ್ಯರಲ್ಲಿಯೂ ಹೀಗೆ ಆಗುವುದನ್ನು ನಾನು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಗಮನಿಸಿದ್ದೇನೆ.

ಈ ಅಯಸ್ಕಾಂತ ಮೊದಲಿನಿಂದ ಇದ್ದದ್ದಲ್ಲ. ಹಳೆಯ ಫ್ರಿಜ್ಜುಗಳಿಗೆ ಕಾರಿನ ಬಾಗಿಲಿಗಿದ್ದಂಥ ಹಿಡಿಕೆಯೂ ಟಕ್ಕೆಂದು ಬೀಳುವ ಚಿಲಕವೂ ಇರುತ್ತಿದ್ದುವು. ಚಿಲಕವನ್ನು ಹೊರಗಿನಿಂದ ಮಾತ್ರ ತೆಗೆಯಬಹುದಾಗಿತ್ತು. ಅಮೆರಿಕದಲ್ಲಿ, ಎಸೆದ ಫ್ರಿಜ್ಜುಗಳೊಳಗೆ ಆಟಕ್ಕೆಂದು ಹೊಕ್ಕ ಮಕ್ಕಳು ಹೊರಬರಲಾರದೆ ಉಸಿರುಕಟ್ಟಿ ಸತ್ತ ದುರಂತಗಳು ಮತ್ತೆ ಮತ್ತೆ ನಡೆದು, 1956ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು: ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆಯುವಂತಿರಬೇಕು. ಚಿಲಕ ಹೋಗಿ ಅಯಸ್ಕಾಂತ ಬಂದದ್ದಕ್ಕೆ ಈ ಕಾನೂನು ದೊಡ್ಡ ಪ್ರೇರಣೆ. ಆದ್ದರಿಂದ ಇಂದಿನ ಬಾಗಿಲು ಬೇಕೆಂದೇ ಸೌಮ್ಯವಾಗಿ ಹಿಡಿಯುವಂಥದು. ಹಿಡಿತ ಸೌಮ್ಯವಾದುದರಿಂದಲೇ ಅದು ಎಲ್ಲಿ ಸಡಿಲಿತೆಂಬುದು ಕೈಗೆ ಸುಲಭವಾಗಿ ತಿಳಿಯುವುದಿಲ್ಲ.

ಇನ್ನು ಪರೀಕ್ಷೆ. ಅಮೆರಿಕನ್ನರು ಇದಕ್ಕೆ ಡಾಲರ್ ನೋಟನ್ನು ಬಳಸುತ್ತಾರೆ. ಅತ್ತೆಯವರೂ ಸೊಂಟದ ಚೀಲದಿಂದ ಹತ್ತು ರೂಪಾಯಿಯ ನೋಟೊಂದನ್ನು ತೆಗೆದುಕೊಟ್ಟರು. ಅದು ಊರಿನ ಎಲ್ಲ ಅಂಗಡಿಗಳನ್ನೂ ಸುತ್ತಿ ಬಟ್ಟೆಯಂತೆ ಮೆತ್ತಗಾಗಿತ್ತು; ಮೆತ್ತಗಾದ ಕಾಗದ ಸರಿಯಾದ ತಡೆಯನ್ನು ಬೆರಳಿಗೆ ತಿಳಿಸದು. ಲಗ್ನಪತ್ರಿಕೆಯ ಕಾಗದ ಅತಿ ದಪ್ಪ. ಅದು ತಾನೇ ಸಂದಿಯನ್ನು ತುಂಬಿ ಹಿಡಿತವಿದ್ದಂತೆ ನಟಿಸುತ್ತದೆ. ಬರೆಯುವ ಸಾಧಾರಣ ಬಿಳಿಯ ಕಾಗದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ದಪ್ಪವಿರುತ್ತದೆ. ಈ ಕೆಲಸಕ್ಕೆ ಅದೇ ಸರಿ. ಅಗಲ ಎರಡು ಅಂಗುಲ, ಉದ್ದ ಒಂದು ಗೇಣು. ಅಗಲ ಹೆಚ್ಚಾದರೆ ಸಡಿಲವಾದ ಜಾಗದ ಎರಡು ಬದಿಯ ಗಟ್ಟಿ ಜಾಗಗಳು ಕಾಗದವನ್ನು ಹಿಡಿದುಕೊಂಡು ನಡುವಿನ ದೋಷವನ್ನು ಮುಚ್ಚಿಹಾಕುತ್ತವೆ.

ಕಾಗದದ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲನ್ನು ಮೆಲ್ಲನೆ ಬಿಡಬೇಕು. ಕೈಯಿಂದ ಒತ್ತಬಾರದು, ಅಯಸ್ಕಾಂತ ತಾನೇ ಎಳೆದುಕೊಳ್ಳಲಿ. ಆಮೇಲೆ ಒಂದೆರಡು ನಿಮಿಷ ಸುಮ್ಮನಿರಬೇಕು, ಏಕೆಂದರೆ ಮುಚ್ಚಿದ ಹೊಸದರಲ್ಲಿ ನಾನು ಮೇಲೆ ಹೇಳಿದ ಗಾಳಿಯ ಒತ್ತಡವೂ ಹಿಡಿತಕ್ಕೆ ಸೇರಿಕೊಂಡಿರುತ್ತದೆ. ಅನಂತರ ಕಾಗದವನ್ನು ನೇರವಾಗಿ ತನ್ನ ಕಡೆಗೆ ಎಳೆಯಬೇಕು. ಕಾಗದ ಬರಬೇಕು, ಆದರೆ ಒಲ್ಲದ ಮನಸ್ಸಿನಿಂದ ಬರಬೇಕು. ಕೈಗೆ ತಡೆ ತಿಳಿಯದೆ ಸರಕ್ಕನೆ ಬಂದರೆ, ಅಥವಾ ಎಳೆಯುವ ಮೊದಲೇ ಜಾರಿ ಬಿದ್ದರೆ, ಆ ಜಾಗದಲ್ಲಿ ಪಟ್ಟಿ ಅಂಚನ್ನು ಮುಟ್ಟುತ್ತಿಲ್ಲ.

ಎಷ್ಟು ತಡೆ ಇದ್ದರೆ ಸಾಕು ಎಂದು ಕೇಳುವವರಿಗೆ ತೂಕದಲ್ಲಿ ಉತ್ತರ ಹೇಳುವುದು ಕಷ್ಟ. ಹೋಲಿಸಿ ನೋಡುವುದೇ ಇಲ್ಲಿ ಮಾರ್ಗ. ಅದರಲ್ಲಿಯೂ ಒಂದು ಎಚ್ಚರ ಬೇಕು. ಬಾಗಿಲಿನ ಕೀಲಿನ ಕಡೆ ಪಟ್ಟಿಯನ್ನು ಬಾಗಿಲೇ ಅದುಮುವುದರಿಂದ ಕಾಗದ ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಹಿಡಿಕೆಯ ಕಡೆ ಅಯಸ್ಕಾಂತದ ಬಲವೊಂದೇ. ಕೀಲಿನ ಕಡೆಯ ಬಿಗಿಯನ್ನು ಹಿಡಿಕೆಯ ಕಡೆ ನಿರೀಕ್ಷಿಸಿದರೆ ಹೊಸ ಫ್ರಿಜ್ಜು ಕೂಡ ಅನುತ್ತೀರ್ಣವಾದೀತು. ಒಂದು ಬದಿಯ ಒಂದು ಜಾಗವನ್ನು ಅದೇ ಬದಿಯ ಮತ್ತೊಂದು ಜಾಗದೊಡನೆ ಹೋಲಿಸಬೇಕು. ಮೂಲೆಗಳಲ್ಲಿ ಕಾಗದದ ಸಾಕ್ಷ್ಯವನ್ನು ಪೂರ್ತಿ ನಂಬಲಾಗದು. ಅಲ್ಲಿ ಎರಡು ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ ಬೆಸೆದಿರುತ್ತಾರೆ, ಅಯಸ್ಕಾಂತ ತುದಿಯವರೆಗೂ ಹೋಗಿರುವುದಿಲ್ಲ. ಮೂಲೆಗೆ ಬೇರೊಂದು ಉಪಾಯವಿದೆ. ರಾತ್ರಿ ಅಡುಗೆಮನೆಯ ದೀಪವಾರಿಸಿ, ಮೊಬೈಲ್ ಫೋನಿನ ಟಾರ್ಚನ್ನು ಹೊತ್ತಿಸಿ ಮೂಲೆಯ ಕಡೆಗೆ ಮುಖಮಾಡಿ ಒಳಗಿಟ್ಟು ಬಾಗಿಲು ಮುಚ್ಚಿದರೆ, ಸಂದಿಯಿದ್ದಲ್ಲಿ ಬೆಳಕಿನ ಎಳೆ ಕಾಣುತ್ತದೆ. ಅತ್ತೆಯವರು, “ಊದುಬತ್ತಿ ಹಿಡಿದು ಹೊಗೆ ನೋಡಿದ್ರೆ ಆಗಲ್ವಾ?” ಎಂದರು. ಜಾಣ್ಮೆಯ ಸಲಹೆಯೇ. ಆದರೆ ಈಚಿನ ಅನೇಕ ಫ್ರಿಜ್ಜುಗಳ ಕೊಳವೆಯಲ್ಲಿ ಹರಿಯುವ ಐಸೊಬ್ಯುಟೇನ್ ಉರಿಯುವ ಅನಿಲ. ಅದು ಸೋರಿದ್ದರೆ ಕಿಡಿ ತೋರಿಸುವುದು ಕ್ಷೇಮವಲ್ಲವೆಂದು ಹೇಳಿ ಊದುಬತ್ತಿಯನ್ನು ದೇವರ ಕೋಣೆಗೆ ಹಿಂತಿರುಗಿಸಿದೆ.

ಅತ್ತೆಯವರ ಫ್ರಿಜ್ಜಿನ ಬಾಗಿಲು 42 ಅಂಗುಲ ಎತ್ತರ, 21 ಅಂಗುಲ ಅಗಲ. ಸುತ್ತಳತೆ 126 ಅಂಗುಲವಾಯಿತು. ಅರ್ಧ ಅಡಿಗೊಂದರಂತೆ 21 ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮೇಷ್ಟರ ಜೇಬಿನಲ್ಲಿ ದುಡ್ಡಿಲ್ಲದಿದ್ದರೂ ಸೀಮೆಸುಣ್ಣವಿರುತ್ತದೆ. ಪಟ್ಟಿಯನ್ನು ತೊಳೆಯುವ ಮುನ್ನ ಒಮ್ಮೆ, ತೊಳೆದ ಮೇಲೆ ಒಮ್ಮೆ ಪರೀಕ್ಷೆ ಮಾಡಿದೆ. ತೊಳೆಯುವ ಮುನ್ನ ನಾಲ್ಕು ಜಾಗಗಳಲ್ಲಿ ಕಾಗದ ಜಾರಿತು. ಆಮೇಲೆ ಉಗುರುಬೆಚ್ಚನೆಯ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಡಿಕೆಮಡಿಕೆಯನ್ನೂ ಉಜ್ಜಿದೆ. ಕಾಯಿಹಾಲಿನ ಜಿಡ್ಡು, ಬೆಲ್ಲದ ಪಾಕ, ಊರಿನ ಕೆಂಪು ಧೂಳು, ಒಂದು ಒಣಗಿದ ಕರಿಬೇವಿನ ಎಲೆ, ಎಲ್ಲವೂ ಹೊರಬಂದುವು. ಪೆಟ್ಟಿಗೆಯ ಅಂಚನ್ನೂ ಒರೆಸಿ, ಒಣಬಟ್ಟೆಯಿಂದ ಚೆನ್ನಾಗಿ ಒಣಗಿಸಿ ಮತ್ತೆ ಕಾಗದ ಹಿಡಿದರೆ, ಈಗ ಜಾರಿದ್ದು ಆರು ಜಾಗಗಳಲ್ಲಿ!

ಅತ್ತೆಯವರು, “ತೊಳೆದು ಕೆಡಿಸಿದೆಯೇನೋ?” ಎಂದು ಅನುಮಾನದಿಂದ ನೋಡಿದರು. ಕೆಟ್ಟದ್ದೇನೂ ಇಲ್ಲ. ಮೊದಲಿನ ಎಣಿಕೆಯಲ್ಲಿ ಎರಡು ಜಾಗಗಳಲ್ಲಿ ಕಾಗದವನ್ನು ಹಿಡಿದದ್ದು ಪಟ್ಟಿಯಲ್ಲ, ಬೆಲ್ಲದ ಅಂಟು. ಸಾಕ್ಷಿಗೆ ಬೆಲ್ಲ ತಿನ್ನಿಸಿದರೆ ಅದು ಸಿಹಿಯಾದ ಸುಳ್ಳನ್ನೇ ಹೇಳುತ್ತದೆ. ಕೊಳೆಯಾದ ಅಥವಾ ಒದ್ದೆಯಾದ ಪಟ್ಟಿಯ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಾರದೆನ್ನುವುದು ಇದಕ್ಕಾಗಿಯೇ.

ಸೋತ ಆರೂ ಜಾಗಗಳು ಒಂದೇ ಕಡೆ ಗುಂಪುಗೂಡಿದ್ದುವು: ಹಿಡಿಕೆಯ ಬದಿಯ ಮೇಲರ್ಧದಲ್ಲಿ ನಾಲ್ಕು, ಅದಕ್ಕೆ ಹೊಂದಿದ ಮೇಲಂಚಿನಲ್ಲಿ ಎರಡು. ಈ ಗುಂಪುಗೂಡುವಿಕೆಯೇ ಪರೀಕ್ಷೆಯ ಅತ್ಯಂತ ಉಪಯುಕ್ತವಾದ ಮಾತು. ಪಟ್ಟಿ ಮುಪ್ಪಿನಿಂದ ಸೋತಿದ್ದರೆ ದೋಷ ಅಲ್ಲೊಂದು ಇಲ್ಲೊಂದು ಚೆದುರಿರುತ್ತದೆ. ಹಿಡಿಕೆಯ ಮೇಲುಮೂಲೆಯ ಸುತ್ತಲೇ ಸೇರಿಕೊಂಡರೆ, ಬಾಗಿಲು ಕೀಲಿನಿಂದ ಜಗ್ಗಿ ವಾಲಿದೆಯೆಂದೋ ಪೆಟ್ಟಿಗೆ ಓರೆಯಾಗಿ ನಿಂತಿದೆಯೆಂದೋ ಮೊದಲು ಶಂಕಿಸಬೇಕು. ಬಾಗಿಲ ಒಳಗಿನ ಗೂಡಿನಲ್ಲಿ ಎರಡೆರಡು ಲೀಟರಿನ ಐದು ನೀರಿನ ಬಾಟಲಿಗಳಿದ್ದುವು. ಬೇಸಗೆಯಲ್ಲಿ ಬಂದುಹೋಗುವವರಿಗೆಲ್ಲ ತಣ್ಣೀರು ಕೊಡುವುದು ಅತ್ತೆಯವರ ಧರ್ಮ. ಹತ್ತು ಕಿಲೋ ಭಾರವನ್ನು ಹಗಲಿರುಳು ಹೊತ್ತು ನಿಂತ ಬಾಗಿಲು ಎಷ್ಟು ದಿನ ನೆಟ್ಟಗಿದ್ದೀತು? ಬಾಟಲಿಗಳನ್ನು ಕೆಳಗಿಳಿಸಿದೆ. ನೆರೆಯ ಗಾರೆಯವರಿಂದ ರಸಮಟ್ಟ ತಂದು ಪೆಟ್ಟಿಗೆಯ ತಲೆಯ ಮೇಲಿಟ್ಟೆ. ಮುಂಗಾಲೊಂದು ನೆಲದ ಕಲ್ಲಿನ ಸಂದಿಯಲ್ಲಿ ಕಾಲು ಅಂಗುಲ ಕುಸಿದಿತ್ತು. ಒಂದು ಕಾಲು ಕುಸಿದರೆ ಇಡೀ ಪೆಟ್ಟಿಗೆ ಕೊಂಚ ತಿರುಚಿಕೊಳ್ಳುತ್ತದೆ. ಆಗ ಬಾಗಿಲೂ ಅದರ ಚೌಕಟ್ಟೂ ಮುಖಕ್ಕೆ ಮುಖ ಕೂಡುವುದಿಲ್ಲ. ಕಾಲಿನ ತಿರುಪನ್ನು ತಿರುಗಿಸಿ ಅಡ್ಡಮಟ್ಟವನ್ನು ಸರಿಮಾಡಿದೆ. ಮುಂಭಾಗವನ್ನು ಮಾತ್ರ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಎತ್ತರಿಸಿದೆ. ಅರ್ಧ ತೆರೆದು ಬಿಟ್ಟ ಬಾಗಿಲು ತಾನಾಗಿ ಮೆಲ್ಲನೆ ಮುಚ್ಚಿಕೊಂಡರೆ ಓರೆ ಸರಿಯಾಗಿದೆಯೆಂದು ತಿಳಿಯಬಹುದು. ಮೇಲಿನ ಕೀಲಿನ ತಿರುಪು ಸಡಿಲವಾಗಿತ್ತು. ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ಬಿಗಿಮಾಡಿದೆ. ಮತ್ತೆ ಕಾಗದ. ಆರು ಹೋಗಿ ಮೂರಾಯಿತು.

ಉಳಿದ ಮೂರು ಜಾಗಗಳಲ್ಲಿ ಪಟ್ಟಿ ಚಪ್ಪಟೆಯಾಗಿ ಒಳಗೆ ಕುಸಿದಿತ್ತು. ವರ್ಷಗಟ್ಟಲೆ ಓರೆ ಬಾಗಿಲಿನ ಅಭ್ಯಾಸವಾಗಿ ಅದು ಹಾಗೆಯೇ ರೂಪುಗೊಂಡಿತ್ತು. ಇಂಥದಕ್ಕೆ ಶಾಖ ಮದ್ದು. ಬಟ್ಟೆಯೊಂದನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈ ತಾಳುವಷ್ಟು ಬಿಸಿಯಿರುವಾಗ ಪಟ್ಟಿಯ ಮೇಲೆ ಒತ್ತಿಹಿಡಿದು, ಮೆದುವಾದೊಡನೆ ಮಡಿಕೆಯನ್ನು ಬೆರಳಿನಿಂದ ಹೊರಗೆಳೆದು, ಒಣಗಿಸಿ, ಬಾಗಿಲು ಮುಚ್ಚಿ ರಾತ್ರಿಯೆಲ್ಲ ಬಿಡಬೇಕು. ಕುದಿನೀರು ಹೊಯ್ಯುವುದು, ಸೀಮೆಎಣ್ಣೆ ಒರೆಸುವುದು, ಟರ್ಪೆಂಟೈನ್ ಸವರುವುದು, ಇವೆಲ್ಲ ಪಟ್ಟಿಯ ಆಯುಸ್ಸನ್ನು ಕಡಿಮೆಮಾಡುವ ಉಪಚಾರಗಳು. ಕೀಲಿನ ಕಡೆ ಪಟ್ಟಿ ಅಂಚಿಗೆ ಉಜ್ಜಿ ಸುರುಳಿಕೊಳ್ಳುವುದಿದ್ದರೆ ವ್ಯಾಸಲೀನನ್ನು ಬೆರಳಿನಲ್ಲಿ ತೆಳ್ಳಗೆ ಸವರಬಹುದು. ಪರೀಕ್ಷೆಯ ಮುನ್ನ ಮಾತ್ರ ಸವರಬಾರದು.

ಮರುದಿನ ಬೆಳಗ್ಗೆ ಎರಡು ಜಾಗಗಳಲ್ಲಿ ಕಾಗದ ಗೌರವಯುತವಾಗಿ ತಡೆದು ಬಂದಿತು. ಒಂದು ಜಾಗದಲ್ಲಿ ಹಿಂದಿನಂತೆಯೇ ಜಾರಿತು. ಅದು ಹಿಡಿಕೆಯ ಬದಿಯಲ್ಲಿ, ಮೇಲುಮೂಲೆಯಿಂದ ನಾಲ್ಕು ಬೆರಳು ಕೆಳಗೆ. ಮಡಿಕೆಯನ್ನು ಬಿಡಿಸಿ ನೋಡಿದಾಗ, ಹೊರಗೆ ಕಾಣದಂತೆ ಒಳಮಡಿಕೆಯ ಬುಡದಲ್ಲಿ ಎರಡು ಅಂಗುಲ ಉದ್ದದ ಸೀಳು ಕಂಡಿತು. ಬೆರಳಿನಿಂದ ಅದುಮಿದರೆ ಸುತ್ತಣ ಪ್ಲಾಸ್ಟಿಕ್ಕು ಹಪ್ಪಳದಂತೆ ಗಡುಸಾಗಿತ್ತು, ಒತ್ತಿದ ಗುಣಿ ಏಳುತ್ತಿರಲಿಲ್ಲ. ಅಲ್ಲಿ ಒಳಗಿನ ಅಯಸ್ಕಾಂತವೂ ತುಂಡಾಗಿ ಜರುಗಿತ್ತು. ಬಾಗಿಲನ್ನು ಹತ್ತಿರ ತಂದಾಗ ಬೇರೆ ಕಡೆಯ ಪಟ್ಟಿ ನೆಗೆದು ಅಂಟಿಕೊಂಡರೆ, ಆ ಜಾಗ ನಿರುತ್ಸಾಹದಿಂದ ಹಿಂದೆ ಉಳಿಯುತ್ತಿತ್ತು. ಇದಕ್ಕೆ ಶುಶ್ರೂಷೆಯಿಲ್ಲ. ತೊಳೆದು, ಭಾರ ಇಳಿಸಿ, ಮಟ್ಟ ನೋಡಿ, ಶಾಖ ಕೊಟ್ಟ ಮೇಲೂ ಅದೇ ಜಾಗದಲ್ಲಿ ಕಾಗದ ಜಾರುತ್ತಿದ್ದರೆ, ಜೊತೆಗೆ ಕಣ್ಣಿಗೆ ಸೀಳೋ ಬೆರಳಿಗೆ ಗಡಸುತನವೋ ಸಿಕ್ಕರೆ, ಪಟ್ಟಿಯನ್ನು ಬದಲಾಯಿಸುವ ಕಾಲ ಬಂದಿತೆಂದೇ ಅರ್ಥ. ಬರಿಯ ಕಾಗದ ಜಾರಿದ್ದಕ್ಕೇ ಹೊಸ ಪಟ್ಟಿ ಹಾಕಿಸಿದ್ದರೆ, ಓರೆಯಾಗಿ ನಿಂತ ಪೆಟ್ಟಿಗೆಗೆ ಹೊಸ ಪಟ್ಟಿ ಬಂದು, ಅದೂ ಹಳೆಯದರಂತೆಯೇ ಚಪ್ಪಟೆಯಾಗುತ್ತಿತ್ತು.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಕಾಗದ ಹೇಳುವುದು ಪಟ್ಟಿ ಅಂಚನ್ನು ಮುಟ್ಟಿದೆಯೇ ಎಂಬುದನ್ನಷ್ಟೆ. ಒಳಮಡಿಕೆ ಸೀಳಿದ್ದೂ ಹೊರತುಟಿ ಅಂಚಿಗೆ ಅಂಟಿಕೊಂಡಿದ್ದರೆ ಕಾಗದ ಬಿಗಿಯಾಗಿಯೇ ಬರುತ್ತದೆ, ಗಾಳಿ ಸೀಳಿನಿಂದ ಹೋಗುತ್ತಿರುತ್ತದೆ. ಆದ್ದರಿಂದ ಕಾಗದ ಹಿಡಿದ ಕೈಯೊಡನೆ ಕಣ್ಣೂ ಕೆಲಸ ಮಾಡಬೇಕು.

ಬಾಗಿಲ ಸಂದಿ ತನ್ನನ್ನು ತಾನು ಪ್ರಕಟಿಸಿಕೊಳ್ಳುವ ರೀತಿ ಊರಿಂದ ಊರಿಗೆ ಬೇರೆ. ನನ್ನ ಮಾವನವರ ಮನೆ ಇದೇ ಜಿಲ್ಲೆಯ ಕೊಪ್ಪದಲ್ಲಿ. ಅಲ್ಲಿ ಮಳೆಗಾಲದಲ್ಲಿ ಪಟ್ಟಿ ಸ್ವಲ್ಪ ಸಡಿಲಿದರೂ ಎರಡೇ ದಿನದಲ್ಲಿ ಬಾಗಿಲ ಅಂಚಿನಲ್ಲಿ ಹನಿ ಸಾಲುಗಟ್ಟುತ್ತದೆ, ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ, ಗೂಡಿನಲ್ಲಿ ಹಿಮ ಹುತ್ತದಂತೆ ಬೆಳೆಯುತ್ತದೆ. ಗಾಳಿಯಲ್ಲಿರುವ ನೀರೇ ಚಾಡಿ ಹೇಳುತ್ತದೆ. ಹಿರೇನಲ್ಲೂರಿನ ಬೇಸಗೆಯ ಒಣಗಾಳಿಯಲ್ಲಿ ಹೇಳಲು ನೀರೇ ಇಲ್ಲ. ಅಲ್ಲಿ ಹನಿಯಿಲ್ಲ, ಹಿಮ ಅಲ್ಪ. ಬಿಸಿ ಮಾತ್ರ ಸದ್ದಿಲ್ಲದೆ ಒಳಗೆ ಹೋಗುತ್ತಿರುತ್ತದೆ. ಬಯಲು ಸೀಮೆಯವರು ಹನಿಗಾಗಿ ಕಾಯದೆ ಕಿವಿಗೊಡಬೇಕು. ರಾತ್ರಿ ಹತ್ತರ ಮೇಲೆ ಊರು ನಿಶ್ಶಬ್ದವಾದಾಗ ಗಡಿಯಾರ ಹಿಡಿದು ಕುಳಿತು ಎಣಿಸಿದ್ದೆ: ಗಂಟೆಯಲ್ಲಿ 50 ನಿಮಿಷ ಮೋಟಾರು ನಡೆಯುತ್ತಿತ್ತು. ಅದರ ಜೊತೆಗೆ ಕರೆಂಟಿನ ಬಿಲ್ಲನ್ನೂ ನೋಡಬೇಕು. ತಣ್ಣನೆಯ ಗಾಳಿ ಭಾರವಾದುದರಿಂದ ಕೆಳಗಿನ ಸಂದಿಯಿಂದ ಸುರಿದುಹೋಗುತ್ತದೆ, ಮೇಲಿನ ಸಂದಿಯಿಂದ ಬಿಸಿಗಾಳಿ ಅದರ ಜಾಗಕ್ಕೆ ಬರುತ್ತದೆ. ಮೇಲೂ ಕೆಳಗೂ ಎರಡು ಕಡೆ ಕಾಗದ ಜಾರಿದರೆ ಒಂದೇ ಕಡೆ ಜಾರಿದ್ದಕ್ಕಿಂತ ನಷ್ಟ ಬಹಳ ಹೆಚ್ಚು. ಅತ್ತೆಯವರ ಬಾಗಿಲಿನ ಕೆಳಭಾಗ ಗಟ್ಟಿಯಾಗಿದ್ದದ್ದೇ 11 ಡಿಗ್ರಿಯಲ್ಲಿ ನಿಂತದ್ದಕ್ಕೆ ಕಾರಣವಿರಬೇಕು.

ಹೊಸ ಪಟ್ಟಿಯನ್ನು ತರಿಸಲು ಬೇಕಾದದ್ದು ಮಾಡೆಲ್ ನಂಬರು. ಅದು ಪೆಟ್ಟಿಗೆಯ ಒಳಗೋಡೆಯ ಚೀಟಿಯಲ್ಲಿತ್ತು. ಅಳತೆ ಹೇಳಿದರೆ ಸಾಲದು, ಏಕೆಂದರೆ ಒಂದೇ ಅಳತೆಯ ಎರಡು ಬಾಗಿಲುಗಳಿಗೆ ಪಟ್ಟಿಯ ಬುಡದ ಆಕಾರ ಬೇರೆಯಿರಬಹುದು. ಹಳೆಯ ಕೆಲವು ಬಾಗಿಲುಗಳಲ್ಲಿ ಪಟ್ಟಿಯ ತುಟಿಯ ಕೆಳಗೆ ಸಾಲಾಗಿ ತಿರುಪುಗಳಿರುತ್ತವೆ. ಅವನ್ನು ಪೂರ್ತಿ ಕಳಚದೆ ಸಡಿಲಿಸಿ ಮಾತ್ರ ಪಟ್ಟಿ ಬದಲಿಸಬೇಕು, ಇಲ್ಲವಾದರೆ ಬಾಗಿಲೇ ತಿರುಚಿಕೊಳ್ಳಬಹುದು. ಅತ್ತೆಯವರದರಲ್ಲಿ ತಿರುಪಿರಲಿಲ್ಲ, ಬಾಣದ ತುದಿಯಂಥ ಪಟ್ಟಿಯ ಬುಡ ಬಾಗಿಲಿನ ಗಾಡಿಯೊಳಗೆ ಒತ್ತಿ ಕೂತಿತ್ತು. ಒಂದು ಮೂಲೆಯಿಂದ ಹಿಡಿದೆಳೆದರೆ ಸುಲಿದ ಬಾಳೆನಾರಿನಂತೆ ಸುತ್ತಲೂ ಬಂದಿತು. ಹೊಸದು ಪೆಟ್ಟಿಗೆಯಲ್ಲಿ ಮಡಿಸಿಕೊಂಡು ಬಂದಿತ್ತು, ಮಡಿಸಿದಲ್ಲೆಲ್ಲ ಗೊರಸುಗೊರಸಾಗಿತ್ತು. ಅದನ್ನು ಹಿರೇನಲ್ಲೂರಿನ ಬಿಸಿಲಿನಲ್ಲಿ ಅರ್ಧ ಗಂಟೆ ಚಾಪೆಯ ಮೇಲೆ ಹಾಸಿದೆವು. ಅತ್ತೆಯವರು ಹಪ್ಪಳ ಕಾಯುವಂತೆ ಕೋಲು ಹಿಡಿದು ಕುಳಿತರು. ಮೆದುವಾದ ಮೇಲೆ ನಾಲ್ಕು ಮೂಲೆಗಳನ್ನು ಮೊದಲು ಕೂರಿಸಿ, ಬದಿಗಳ ನಡುವನ್ನು ಆಮೇಲೆ ಒತ್ತಿದೆ. ಒಂದು ಬದಿಯಿಂದ ಹೊರಟು ಸುತ್ತಿಕೊಂಡು ಬಂದರೆ ಕೊನೆಯ ಮೂಲೆಯಲ್ಲಿ ಪಟ್ಟಿ ಹೆಚ್ಚಾಗಿ ಉಬ್ಬುತ್ತದೆ.

ಹೊಸ ಪಟ್ಟಿಯನ್ನು ಹಾಕಿದೊಡನೆ ಪರೀಕ್ಷಿಸಿ ನಿರಾಶರಾಗುವವರುಂಟು. ಅದಕ್ಕೆ ಒಂದು ಹಗಲು ಒಂದು ರಾತ್ರಿ ಬಾಗಿಲ ಆಕಾರಕ್ಕೆ ಹೊಂದಿಕೊಳ್ಳಲು ಬಿಡಬೇಕು. ಮರುದಿನ 21 ಗುರುತುಗಳಲ್ಲಿ 20 ಕಡೆ ಕಾಗದ ತಡೆದು ಬಂದಿತು. ಕೆಳಮೂಲೆಯ ಬಳಿ ಒಂದು ಗೊರಸು ಉಳಿದಿತ್ತು, ಬಿಸಿಬಟ್ಟೆಯ ಉಪಚಾರದಿಂದ ಅದೂ ಎದ್ದಿತು. ಲೋಟದ ನೀರು ಅದರ ಮರುದಿನ ಬೆಳಗ್ಗೆ 5 ಡಿಗ್ರಿ ತೋರಿಸಿತು. ರಾತ್ರಿ ಎಣಿಸಿದಾಗ ಮೋಟಾರು ಗಂಟೆಗೆ 25 ನಿಮಿಷ ನಡೆದು ಉಳಿದ ಹೊತ್ತು ಮೌನವಾಗಿತ್ತು. ಅತ್ತೆಯವರಿಗೆ ಮೊದಲು ಅರ್ಥವಾದದ್ದು ಆ ಮೌನವೇ. “ನಿಂತೇ ಹೋಯ್ತೇನೋ ಅಂತ ಎದ್ದು ಬಂದೆ ಕಣೋ” ಎಂದು ನಡುರಾತ್ರಿ ಅಡುಗೆಮನೆಗೆ ಬಂದರು.

ಇನ್ಸುಲಿನ್ನು ಮನೆಗೆ ಹಿಂದಿರುಗಿತು. ಬೆಚ್ಚಗೆ ಕಳೆದ ದಿನಗಳನ್ನು ಲೆಕ್ಕ ಹಾಕಿ, ಡಾಕ್ಟರು ಹೇಳಿದಂತೆ, ಯಾವುದನ್ನು ಮೊದಲು ಮುಗಿಸಬೇಕೆಂದು ಪೊಟ್ಟಣಗಳ ಮೇಲೆ ತಾರೀಖು ಬರೆದಿಟ್ಟೆ. ಅವು ಈಗ ನಡುವಣ ತಟ್ಟೆಯಲ್ಲಿ, ಹಿಂಗೋಡೆಗೆ ತಾಗದಂತೆ, ಒಂದು ಡಬ್ಬಿಯೊಳಗಿವೆ. ಬಾಟಲಿಗಳ ವಿಷಯದಲ್ಲಿ ಅತ್ತೆಯವರು ಒಪ್ಪಂದಕ್ಕೆ ಬಂದರು: ಬಾಗಿಲಲ್ಲಿ ಎರಡು, ಉಳಿದವು ಮಣ್ಣಿನ ಹೂಜಿಯ ಪಾಲಿಗೆ. ಹಳೆಯ ಪಟ್ಟಿಯನ್ನು ಎಸೆಯಲು ಅವರು ಬಿಡಲಿಲ್ಲ. ಅದರ ಹೊಟ್ಟೆ ಸೀಳಿ ಕಪ್ಪು ಅಯಸ್ಕಾಂತದ ಪಟ್ಟಿಯನ್ನು ಎಳೆದು ತೆಗೆದು, ಕತ್ತರಿಯಿಂದ ಅಂಗುಲದ ತುಂಡುಗಳನ್ನಾಗಿ ಮಾಡಿದರು. ಹಾಲಿನ ಲೆಕ್ಕದ ಚೀಟಿ, ಡಾಕ್ಟರ ಚೀಟಿ ಮತ್ತು ಮುಂದಿನ ಯುಗಾದಿಗೆ ಬೇಕಾಗಬಹುದೆಂದು ನನ್ನ ಆ ಕಾಗದದ ಚೂರು, ಮೂರೂ ಈಗ ಫ್ರಿಜ್ಜಿನ ಬಾಗಿಲ ಹೊರಗೆ ಆ ತುಂಡುಗಳ ಹಿಡಿತದಲ್ಲಿವೆ.